ಮಾಲು ತಡವಾದಾಗ ಗ್ರಾಹಕರಿಗೆ ಬರೆಯುವ ಕ್ಷಮೆಯ ಮೇಲ್: ಯಾವ ಪರಿಹಾರ ಕೊಡಬೇಕು, ಯಾವ ತಾರೀಖು ಹೇಳಬೇಕು?

ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಚಿಕ್ಕ ಕಾರ್ಖಾನೆ ಇದೆ. ಕುಡಿಯುವ ನೀರಿನ ಪೈಪ್‌ಲೈನ್‌ಗೆ ಹಾಕುವ ಸ್ಲೂಸ್ ವಾಲ್ವ್ ಮಾಡುತ್ತೇವೆ. ಆರ್ಡರ್, ಬಿಲ್ಲು, ಡಿಸ್ಪ್ಯಾಚ್ ನನ್ನ ಕೆಲಸ. ಹಾಗಾಗಿ ಮಾಲು ತಡವಾದರೆ ಗ್ರಾಹಕರಿಗೆ ಮೇಲ್ ಬರೆಯಬೇಕಾದವನೂ ನಾನೇ. ಮೊದಮೊದಲು ಇಂಥ ಮೇಲ್‌ನಲ್ಲಿ "ಕ್ಷಮಿಸಿ" ಅನ್ನುವುದನ್ನು ಎಷ್ಟು ಚೆನ್ನಾಗಿ ಹೇಳಬೇಕು ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಿದ್ದೆ. ಈಗ ಹಾಗಿಲ್ಲ. ಕ್ಷಮೆಗೆ ಒಂದು ಸಾಲು ಸಾಕು. ಸಮಯ ಬೇಕಾಗುವುದು ಎರಡು ಆಯ್ಕೆಗಳಿಗೆ: ಯಾವ ಪರಿಹಾರ ಕೊಡುತ್ತೇವೆ, ಯಾವ ಹೊಸ ತಾರೀಖು ಹೇಳುತ್ತೇವೆ. ಇವೆರಡನ್ನೂ ಒಂದೇ ಪ್ರಕರಣ ಇಟ್ಟುಕೊಂಡು ಹೋಲಿಸಿ ನೋಡೋಣ.

ಆಗಿದ್ದೇನು

ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯ ನೀರಿನ ಕೆಲಸ. ಗುತ್ತಿಗೆದಾರರು 150 ಎಂಎಂ ಅಳತೆಯ 40 ವಾಲ್ವ್ ಕೇಳಿದ್ದರು. ಒಂದಕ್ಕೆ ₹7,000, ಒಟ್ಟು ₹2,80,000. ಸೈಟ್‌ಗೆ ಜೂನ್ 10, ಮಂಗಳವಾರ ಮುಟ್ಟಿಸಬೇಕು ಅಂತ ಅವರ ಖರೀದಿ ಆದೇಶದಲ್ಲಿ, ಅಂದರೆ ಪಿಒದಲ್ಲಿ ಬರೆದಿತ್ತು.

ಜೂನ್ 5ಕ್ಕೆ ಟೆಸ್ಟ್ ಬೆಂಚ್ ಮೇಲೆ ಹತ್ತಿಸಿದೆವು. 10 ಕೆಜಿ ಒತ್ತಡದ ವಾಲ್ವ್ ಆದರೆ ಬಾಡಿಯನ್ನು ಅದರ ಒಂದೂವರೆ ಪಟ್ಟು, ಅಂದರೆ 15 ಕೆಜಿ ಒತ್ತಡದ ನೀರಿನಲ್ಲಿ ಪರೀಕ್ಷೆ ಮಾಡುತ್ತೇವೆ. ಎರಡೂ ಕಡೆ ಪ್ಲೇಟ್ ಬಿಗಿದು, ಒಳಗೆ ನೀರು ತುಂಬಿಸಿ, ಪಂಪ್ ಹೊಡೆದು, ಹೊರಮೈಯನ್ನು ಒಣ ಬಟ್ಟೆಯಿಂದ ಒರೆಸಿ ಚಾಕ್ ಉಜ್ಜಿ ಬಿಡುವುದು. ಮೊದಲ ನಿಮಿಷ ಏನೂ ಕಾಣಲಿಲ್ಲ. ಆಮೇಲೆ ಬಿಳಿ ಚಾಕ್ ಮೇಲೆ ಸಾಸಿವೆ ಕಾಳಿನಷ್ಟು ಕಪ್ಪು ಕಲೆ ಮೂಡಿತು. ಮತ್ತೊಂದು, ಮಗದೊಂದು. ಬಾಡಿ ಬೆವರುತ್ತಿತ್ತು. ಎರಕ ಹೊಯ್ಯುವಾಗ ಅಚ್ಚಿನ ಮರಳಿನಲ್ಲಿ ತೇವ ಜಾಸ್ತಿ ಇದ್ದರೆ ಅದು ಆವಿಯಾಗಿ ಕಬ್ಬಿಣದೊಳಗೆ ಗುಳ್ಳೆ ಬಿಡುತ್ತದೆ. ಮೇಲಿಂದ ನೋಡಿದರೆ ಗೊತ್ತಾಗುವುದಿಲ್ಲ, ನೀರಿನ ಒತ್ತಡಕ್ಕೆ ಮಾತ್ರ ಗೊತ್ತಾಗುತ್ತದೆ. 40ರಲ್ಲಿ 14 ಹೀಗೆ ಬೆವರಿದವು. ಎರಕ ನಮಗೆ ಹೊರಗಿನ ಫೌಂಡ್ರಿಯಿಂದ ಬರುತ್ತದೆ. ಆದರೆ ಗ್ರಾಹಕರಿಗೆ ಮಾತು ಕೊಟ್ಟವರು ನಾವು.

ಮೊದಲು ಫೋನೋ, ಮೇಲೋ?

ಫೋನ್. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಮೇಲ್ ಓದಿ ಸುದ್ದಿ ತಿಳಿದವರಿಗೆ ಸಿಟ್ಟು ಎರಡು ಪಟ್ಟು ಬರುತ್ತದೆ. ಇನ್ನೊಂದು ಕಾರಣ ಇನ್ನೂ ದೊಡ್ಡದು. ತಡದಿಂದ ಅವರಿಗೆ ನಿಜವಾಗಿ ಏನು ತೊಂದರೆ ಅನ್ನುವುದು ಫೋನ್‌ನಲ್ಲಿ ಮಾತ್ರ ತಿಳಿಯುತ್ತದೆ. ಅದು ತಿಳಿಯದೆ ಪರಿಹಾರ ಆರಿಸಲು ಆಗುವುದಿಲ್ಲ.

ನಾನು ಜೂನ್ 6ರ ಬೆಳಿಗ್ಗೆ ಫೋನ್ ಮಾಡಿ, "ಸರ್, 14 ವಾಲ್ವ್ ಟೆಸ್ಟ್‌ನ್ಯಾಗ ಫೇಲ್ ಆಗ್ಯಾವ್ರಿ, ಅವನ್ನ ನಿಮಗ ಕಳಸೂದಿಲ್ಲ" ಅಂದೆ. ಆಮೇಲೆ ರೇಟ್ ಸ್ವಲ್ಪ ಕಡಿಮೆ ಮಾಡುವ ಮಾತು ತೆಗೆದೆ. ಅವರು ಅರ್ಧಕ್ಕೇ ತಡೆದರು. "ರೊಕ್ಕದ ಮಾತು ಆಮ್ಯಾಲೆ ನೋಡೂಣ್ರಿ. ಕಾಲುವಿ ತೆಗೆದಿಟ್ಟು ಪೈಪ್ ಇಳಿಸೀನಿ. ಮಳಿ ಹತ್ತಿತಂದ್ರ ಎರಡೂ ಕಡೆ ಮಣ್ಣು ಕುಸೀತದ. ಮೊದ್ಲ ಎಷ್ಟು ಕೊಡ್ತೀರಿ, ಅದನ್ನ ಹೇಳ್ರಿ."

ನನಗೆ ಬೇಕಾಗಿದ್ದ ಉತ್ತರ ಅದೇ. ಅವರ ತೊಂದರೆ ತೆರೆದ ಕಾಲುವೆ. ದುಡ್ಡು ಆಮೇಲಿನ ಮಾತು.

ಫೋನ್ ಇಟ್ಟ ಮೇಲೆ ಒಂದೆರಡು ತಾಸಿನೊಳಗೆ ಮೇಲ್ ಹೋಗಲೇಬೇಕು. ಸೈಟ್ ಎಂಜಿನಿಯರ್, ಅವರ ಆಫೀಸಿನ ಅಕೌಂಟ್ಸ್, ಮೇಲಿನ ಇಲಾಖೆ, ಎಲ್ಲರಿಗೂ ತೋರಿಸಲು ಅವರ ಕೈಯಲ್ಲಿ ಕಾಗದ ಬೇಕಾಗುತ್ತದೆ.

ಯಾವ ಪರಿಹಾರ?

ನಮ್ಮ ಮುಂದೆ ನಾಲ್ಕು ದಾರಿ ಇದ್ದವು: ರೇಟ್ ಕಡಿಮೆ ಮಾಡುವುದು, ಇದ್ದಷ್ಟನ್ನು ಮೊದಲು ಕಳಿಸುವುದು, ಬೇರೆ ಕಂಪನಿಯ ರೆಡಿ ವಾಲ್ವ್ ಕೊಂಡು ಕೊಡುವುದು, ಇಲ್ಲವೇ ಆ 14ನ್ನು ರದ್ದು ಮಾಡಿ ಅಡ್ವಾನ್ಸ್ ವಾಪಸ್ ಕೊಡುವುದು.

ಡಿಸ್ಕೌಂಟ್ ಎಲ್ಲಕ್ಕಿಂತ ಸುಲಭ. ಎರಡು ಪರ್ಸೆಂಟ್ ಬಿಟ್ಟೆವು ಅಂದರೆ ₹5,600, ಮೇಲ್ ಮುಗಿಯಿತು. ಆದರೆ ಆ ₹5,600 ಕಾಲುವೆ ಮುಚ್ಚುವುದಿಲ್ಲ. ತಡದಿಂದ ಬರೀ ದುಡ್ಡಿನ ನಷ್ಟ ಆಗುವ ವ್ಯಾಪಾರದಲ್ಲಿ ಮಾತ್ರ ಡಿಸ್ಕೌಂಟ್ ನ್ಯಾಯ. ಬ್ಯಾಡಗಿ ಮೆಣಸಿನಕಾಯಿ ನೋಡಿ. ಅಲ್ಲಿ ಒಂದು ವಾರದಲ್ಲಿ ಪೇಟೆಯ ದರವೇ ಬದಲಾಗಿರಬಹುದು. ಅಂಥ ಕಡೆ "ಮೊದಲಿನ ದರ, ಕಳಿಸುವ ದಿನದ ದರ, ಎರಡರಲ್ಲಿ ಕಡಿಮೆ ಯಾವುದೋ ಅದನ್ನೇ ಹಾಕುತ್ತೇವೆ" ಅಂತ ಬರೆದರೆ ಅದು ಗಟ್ಟಿ ಪರಿಹಾರ. ವಾಲ್ವ್‌ಗೆ ಆ ಮಾತು ಹೊಂದುವುದಿಲ್ಲ.

ಬೇರೆ ಕಂಪನಿಯ ಮಾಲು ಕೊಂಡು ಕೊಡುವುದು ಕೇಳಲು ಚೆನ್ನಾಗಿದೆ. ಸರ್ಕಾರಿ ನೀರಿನ ಕೆಲಸದಲ್ಲಿ ಅದು ಕೈ ಕಚ್ಚಬಹುದು. ಯಾವ ಮೇಕ್ ಹಾಕಬೇಕು ಅಂತ ಇಲಾಖೆ ಒಪ್ಪಿಗೆ ಕೊಟ್ಟಿರುತ್ತದೆ. ಬೇರೆ ಹೆಸರಿನ ವಾಲ್ವ್ ಸೈಟ್‌ಗೆ ಬಂದರೆ ಎಂಜಿನಿಯರ್ ವಾಪಸ್ ಕಳಿಸಬಹುದು. ಆಗ ನಮ್ಮ ತಪ್ಪಿಗೆ ಗುತ್ತಿಗೆದಾರರು ಇನ್ನೊಮ್ಮೆ ಮಾತು ಕೇಳಬೇಕು. ಹಾಗಾಗಿ ಇದನ್ನು ನಾವಾಗಿ ಮಾಡಲಿಲ್ಲ.

ಉಳಿದದ್ದು ಭಾಗ ಮಾಲು ಕಳಿಸುವುದು. 26 ವಾಲ್ವ್ ಟೆಸ್ಟ್ ಪಾಸಾಗಿದ್ದವು. ಒಂದೊಂದು ಸುಮಾರು 45 ಕೆಜಿ, ಒಟ್ಟು 1,170 ಕೆಜಿ. ಒಂದು ಬೊಲೆರೊ ಪಿಕಪ್‌ಗೆ ಸರಿಯಾದ ಲೋಡ್. ಇವು ಹಳೆಯ ತಾರೀಖಿಗೇ, ಜೂನ್ 10ಕ್ಕೇ ಮುಟ್ಟುತ್ತವೆ. ಅವರು 26 ಕಡೆ ವಾಲ್ವ್ ಕೂರಿಸಿ ಅಷ್ಟು ಉದ್ದದ ಕಾಲುವೆ ಮುಚ್ಚಿಬಿಡಬಹುದು. ಮಳೆ ಬಂದರೂ ತೊಂದರೆ ಉಳಿಯುವುದು 14 ಕಡೆ ಮಾತ್ರ.

ಆದರೆ ಭಾಗ ಮಾಲು ಎಲ್ಲ ಕಡೆ ನಡೆಯುವುದಿಲ್ಲ. ಬೆಟಗೇರಿಯ ನೇಕಾರರಿಗೆ ಒಂದೇ ಮದುವೆಗೆ ಒಂದೇ ಬಣ್ಣದ 40 ಸೀರೆಯ ಆರ್ಡರ್ ಇದ್ದರೆ 26 ಸೀರೆ ತಗೊಂಡು ಅವರೇನು ಮಾಡುತ್ತಾರೆ? ಒಂದೇ ಯಂತ್ರಕ್ಕೆ ಸೇರುವ ಬಿಡಿಭಾಗಗಳ ಸೆಟ್‌ಗೂ ಇದೇ ಮಾತು. ಇನ್ನು ಎರಡು ಸಲ ಮಾಲು ಹೋದರೆ ಗ್ರಾಹಕರು ಎರಡು ಸಲ ಆಳು ಹಚ್ಚಿ ಇಳಿಸಬೇಕು, ಎರಡು ಸಲ ಎಂಟ್ರಿ ಮಾಡಬೇಕು. ಆ ಖರ್ಚನ್ನು ಅವರ ತಲೆಗೆ ಕಟ್ಟಿದರೆ ಪರಿಹಾರವೇ ಹೊರೆಯಾಗುತ್ತದೆ. ಅದಕ್ಕೆ ಎರಡನೇ ಗಾಡಿಯ ಬಾಡಿಗೆ ನಮ್ಮದು ಅಂತ ಬರೆದೆವು. ಅದು ₹3,500.

ರದ್ದು ಮಾಡುವ ಹಕ್ಕನ್ನೂ ಮೇಲ್‌ನಲ್ಲಿ ಇಟ್ಟೆವು. ಸುಮಾರು ಜನ ಇದನ್ನು ಬರೆಯಲು ಹೆದರುತ್ತಾರೆ, ಗ್ರಾಹಕರು ಎಲ್ಲಿ ಹಿಡಿದುಬಿಡುತ್ತಾರೋ ಅಂತ. ನಾವು ಬರೆಯದಿದ್ದರೂ ಅವರಿಗೆ ಆ ಹಕ್ಕು ಇರಬಹುದು. 1872ರ ಭಾರತೀಯ ಕರಾರು ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಸಮಯವೇ ಮುಖ್ಯವಾದ ಕರಾರಿನಲ್ಲಿ ಹೇಳಿದ ಹೊತ್ತಿಗೆ ಕೆಲಸ ಆಗದಿದ್ದರೆ ಇನ್ನೊಬ್ಬರು ಕರಾರು ಬಿಡಬಹುದು. ನಾವೇ ಹೇಳಿ, ಅಡ್ವಾನ್ಸ್ ಎಷ್ಟು ವಾಪಸ್ ಬರುತ್ತದೆ ಅಂತ ಮೊತ್ತ ಬರೆದರೆ ಅವರು ಶಾಂತವಾಗಿ ಲೆಕ್ಕ ಹಾಕುತ್ತಾರೆ. 25 ಪರ್ಸೆಂಟ್ ಅಡ್ವಾನ್ಸ್ ಕೊಟ್ಟಿದ್ದರು. 14 ವಾಲ್ವ್‌ನ ಪಾಲು ₹24,500.

ದುಡ್ಡಿನ ಮಾತು ಹೇಗೆ ಬರೆಯಬೇಕು

ಇಲ್ಲಿ ಎರಡು ಸಾಲು ಹೋಲಿಸಿ. "ತಡದಿಂದ ತಮಗೆ ಆಗುವ ಎಲ್ಲ ನಷ್ಟವನ್ನು ನಾವು ಭರಿಸುತ್ತೇವೆ" ಅನ್ನುವುದು ಒಂದು. "ಪಿಒ ಪ್ರಕಾರ ತಡದ ಕಡಿತ ₹980 ಅನ್ನು ಎರಡನೇ ಬಿಲ್‌ನಲ್ಲೇ ಕಳೆದಿರುತ್ತೇವೆ" ಅನ್ನುವುದು ಇನ್ನೊಂದು. ಮೊದಲನೆಯದು ದೊಡ್ಡ ಮನಸ್ಸಿನ ಮಾತಿನಂತೆ ಕಾಣುತ್ತದೆ. ಆದರೆ ಕುಸಿದ ಕಾಲುವೆ, ನಿಂತ ಜೆಸಿಬಿ, ಇಲಾಖೆಯ ದಂಡ, ಎಲ್ಲವೂ "ಎಲ್ಲ ನಷ್ಟ"ದೊಳಗೆ ಬರುತ್ತವೆ. ₹98,000 ಮಾಲಿಗೆ ಲಕ್ಷಗಟ್ಟಲೆ ಜವಾಬ್ದಾರಿ ಬರೆದುಕೊಟ್ಟಂತಾಗುತ್ತದೆ. ನಾಳೆ ಕೊಡಲಾಗದಿದ್ದರೆ ಅದು ಎರಡನೇ ಸುಳ್ಳು.

ಅದಕ್ಕೆ ಪರಿಹಾರ ಬರೆಯುವ ಮುಂಚೆ ಪಿಒ ತೆಗೆದು ತಡದ ಕಡಿತದ ಕಲಂ ಓದಿ. ನಮ್ಮ ಪಿಒದಲ್ಲಿ, ತಡವಾದ ಮಾಲಿನ ಬೆಲೆಯ ಮೇಲೆ ವಾರಕ್ಕೆ ಅರ್ಧ ಪರ್ಸೆಂಟ್, ವಾರದ ಭಾಗವಾದರೂ ಪೂರ್ತಿ ವಾರ ಅಂತ ಇತ್ತು. 14 ವಾಲ್ವ್ ಅಂದರೆ ₹98,000. ಜೂನ್ 10ರಿಂದ 23ಕ್ಕೆ 13 ದಿನ, ಅಂದರೆ ಎರಡು ವಾರ. ಒಂದು ಪರ್ಸೆಂಟ್, ₹980. ಅವರು ಕೇಳುವ ಮುಂಚೆ ನಾವೇ ಲೆಕ್ಕ ಹಾಕಿ ಬರೆದೆವು. ಬಾಡಿಗೆ ಸೇರಿಸಿದರೂ ನಮಗೆ ಬಿದ್ದದ್ದು ₹4,480. ಮೊದಲು ಯೋಚಿಸಿದ ಡಿಸ್ಕೌಂಟ್‌ಗಿಂತ ಕಡಿಮೆ. ಅವರಿಗೆ ಮಾತ್ರ ಅದಕ್ಕಿಂತ ಎಷ್ಟೋ ಜಾಸ್ತಿ ಉಪಯೋಗ.

ಬಿಲ್‌ನಲ್ಲೇ ಕಳೆಯುವುದೋ, ಆಮೇಲೆ ಕ್ರೆಡಿಟ್ ನೋಟ್ ಕೊಡುವುದೋ? ಬಿಲ್ಲು ಇನ್ನೂ ಆಗಿಲ್ಲ ಅಂದರೆ ರಿಯಾಯಿತಿಯನ್ನು ಬಿಲ್‌ನಲ್ಲೇ ಪ್ರತ್ಯೇಕ ಸಾಲಾಗಿ ತೋರಿಸಿ. ಜಿಎಸ್‌ಟಿ ಕಡಿಮೆ ಮೊತ್ತದ ಮೇಲೇ ಬೀಳುತ್ತದೆ, ಎರಡೂ ಕಡೆಯ ಅಕೌಂಟ್ಸ್‌ಗೆ ಕೆಲಸ ಕಡಿಮೆ. ಬಿಲ್ಲು ಆಗಿಹೋಗಿದ್ದರೆ ಮಾತ್ರ ಕ್ರೆಡಿಟ್ ನೋಟ್ ದಾರಿ ಹಿಡಿಯಿರಿ, ನಿಮ್ಮ ಆಡಿಟರ್ ಅವರನ್ನು ಕೇಳಿ.

ಯಾವ ತಾರೀಖು?

ಇದು ಎಲ್ಲಕ್ಕಿಂತ ಮುಖ್ಯ. ಒಂದು ಸಲ ತಡವಾದರೆ ಗ್ರಾಹಕರು ಸಹಿಸುತ್ತಾರೆ. ಹೊಸ ತಾರೀಖೂ ತಪ್ಪಿದರೆ ಮುಂದಿನ ಆರ್ಡರ್ ಬರುವುದಿಲ್ಲ.

ತಾರೀಖು ಹುಡುಕಲು ನಾನು ಫೌಂಡ್ರಿಗೆ ಫೋನ್ ಮಾಡಿದಾಗ ಮೊದಲು ಬಂದ ಉತ್ತರ "ನಾಕ ದಿನದಾಗ ಕೊಡ್ತೀವ್ರಿ." ಈ ನಾಲ್ಕು ದಿನವನ್ನು ನಂಬಿ ಮೇಲ್ ಬರೆಯಬೇಡಿ. ಚಿಕ್ಕ ಫೌಂಡ್ರಿಗಳು ಕುಪೋಲಾ, ಅಂದರೆ ಕಬ್ಬಿಣ ಕರಗಿಸುವ ಕುಲುಮೆ, ದಿನಾ ಹಚ್ಚುವುದಿಲ್ಲ. ಅಚ್ಚುಗಳು ಸಾಕಷ್ಟು ಸೇರಿದ ಮೇಲೆ ವಾರಕ್ಕೆ ಒಂದೋ ಎರಡೋ ದಿನ ಹಚ್ಚುತ್ತಾರೆ. ಹಾಗಾಗಿ "ಎಷ್ಟು ದಿನ ಬೇಕು" ಅಂತ ಕೇಳದೆ "ಎರಕ ಹೊಯ್ಯುವ ದಿನ ಯಾವುದು" ಅಂತ ಕೇಳಬೇಕು. ಉತ್ತರ ಬಂತು: ಮಂಗಳವಾರ, ಶುಕ್ರವಾರ. ಆಗ ಲೆಕ್ಕ ಕಾಲೂರಿತು.

ಜೂನ್ 10, ಮಂಗಳವಾರ ಎರಕ. ರಾತ್ರಿ ಮರಳಿನಲ್ಲೇ ಆರಬೇಕು. ಒಡೆದು, ಉಜ್ಜಿ, 12ರ ಸಂಜೆ ನಮ್ಮ ಕೈಗೆ. 13, 14 ಲೇತ್ ಮೇಲೆ. 15 ಭಾನುವಾರ. 16ಕ್ಕೆ ನೀರಿನ ಟೆಸ್ಟ್. ಎಲ್ಲ ಪಾಸಾದರೆ ಜೋಡಣೆ, ಪೇಂಟ್ ಮುಗಿಸಿ 18ರ ರಾತ್ರಿ ಗಾಡಿ ಹತ್ತಿಸಬಹುದು.

ಆದರೆ ಮತ್ತೆ ಒಂದೆರಡು ಬೆವರಿದರೆ? ಅದು 16ಕ್ಕೇ ಗೊತ್ತಾಗುತ್ತದೆ. ಮರುದಿನ 17 ಮಂಗಳವಾರ, ಮತ್ತೆ ಎರಕ ಹೊಯ್ಯುವ ದಿನ. 19ಕ್ಕೆ ಕೈಗೆ ಬಂದು, 20ಕ್ಕೆ ಲೇತ್, 21ಕ್ಕೆ ಟೆಸ್ಟ್ ಮತ್ತು ಪೇಂಟ್, 22 ಒಣಗಲು, 23 ಸೋಮವಾರ ಬೆಳಿಗ್ಗೆ ಸೈಟ್‌ಗೆ. ಅಂದರೆ ಒಂದು ಸಲ ಎಡವಿದರೂ ನಿಲ್ಲುವ ತಾರೀಖು 23.

ಈಗ ಮೂರು ರೀತಿ ಬರೆಯಬಹುದಿತ್ತು. "19ಕ್ಕೆ ಮುಟ್ಟಿಸುತ್ತೇವೆ" ಅಂದರೆ ಗ್ರಾಹಕರಿಗೆ ಅವತ್ತಿಗೆ ಖುಷಿ, ಆದರೆ ಒಂದು ಬಾಡಿ ಬೆವರಿದರೂ ಮಾತು ಹೋಯಿತು. "19ರಿಂದ 23ರೊಳಗೆ" ಅನ್ನುವುದು ಸುರಕ್ಷಿತ ಅನ್ನಿಸುತ್ತದೆ. ಆದರೆ ಓದುವವರ ಕಣ್ಣು 19ರ ಮೇಲೇ ನಿಲ್ಲುತ್ತದೆ. ಅವರು 19ಕ್ಕೆ ಆಳು ಕರೆಸುತ್ತಾರೆ, ಆಳಿನ ಕೂಲಿ ಸುಮ್ನೆ ಹೋಗುತ್ತದೆ. ನಾವು ಬರೆದದ್ದು 23 ಒಂದೇ. ಅದರ ಜೊತೆ ನಡುವಿನ ಒಂದು ದಿನ ಕೊಟ್ಟೆವು: 16ರ ಸಂಜೆ ಟೆಸ್ಟ್ ಏನಾಯಿತು ಅಂತ ತಿಳಿಸುತ್ತೇವೆ. ಈ ನಡುವಿನ ದಿನ ಬಹಳ ಕೆಲಸ ಮಾಡುತ್ತದೆ. ಅಲ್ಲಿಯವರೆಗೆ ಅವರು ದಿನಾ ಫೋನ್ ಮಾಡುವುದಿಲ್ಲ.

ಇನ್ನೊಂದು ಮಾತು. "ಡಿಸ್ಪ್ಯಾಚ್ ಆಗುವ ದಿನ" ಬರೆಯಬೇಡಿ, "ಮುಟ್ಟುವ ದಿನ" ಬರೆಯಿರಿ. ನಮಗೆ ಮಾಲು ಗೇಟ್ ದಾಟಿದರೆ ಕೆಲಸ ಮುಗಿಯಿತು, ಅವರಿಗೆ ಸೈಟ್‌ನಲ್ಲಿ ಇಳಿದಾಗಲೇ ಶುರು.

ಹೊಸ ತಾರೀಖಿಗೆ ಅವರಿಂದ ಒಂದು ಸಾಲಿನ ಒಪ್ಪಿಗೆ ಕೇಳುವುದನ್ನೂ ಮರೆಯಬೇಡಿ. ಮಾಲು ತಗೊಳ್ಳುವವರು ಸಮಯ ಮುಂದೂಡಲು ಒಪ್ಪಬಹುದು ಅಂತ ಅದೇ ಕಾಯ್ದೆಯ 63ನೇ ಸೆಕ್ಷನ್ ಹೇಳುತ್ತದೆ. ಆ ಒಪ್ಪಿಗೆ ಬರಹದಲ್ಲಿ ಇದ್ದರೆ ಮುಂದೆ ಯಾವ ತಾರೀಖು ಹಿಡಿಯಬೇಕು ಅನ್ನುವ ಜಗಳವೇ ಬರುವುದಿಲ್ಲ.

ಕಾರಣ ಎಷ್ಟು ಹೇಳಬೇಕು?

"ಅನಿವಾರ್ಯ ಕಾರಣಗಳಿಂದ" ಅಂತ ಬರೆದರೆ ಯಾರೂ ನಂಬುವುದಿಲ್ಲ. ಫೌಂಡ್ರಿಯ ತಪ್ಪು ಅಂತ ಒಂದು ಪುಟ ಬರೆದರೆ ಜಾರಿಕೊಳ್ಳುವಂತೆ ಕಾಣುತ್ತದೆ. ಎರಡು ಸಾಲು ಸಾಕು: ಏನು ಕೆಟ್ಟಿತು, ಕೆಟ್ಟದ್ದನ್ನು ಏನು ಮಾಡಿದಿರಿ. ನಮ್ಮಲ್ಲಿ ಎರಡನೆಯದು ಮುಖ್ಯವಾಗಿತ್ತು. ಬೆವರುವ ಬಾಡಿಗೆ ಪುಟ್ಟಿ ಹಚ್ಚಿ ಪೇಂಟ್ ಹೊಡೆದು ಕಳಿಸುವವರು ಇದ್ದಾರೆ ಅಂತ ಗುತ್ತಿಗೆದಾರರಿಗೆ ಚೆನ್ನಾಗಿ ಗೊತ್ತು. ಅದಕ್ಕೆ ಆ 14ನ್ನು ಒಡೆದು ಫೋಟೊ ಹಚ್ಚಿದೆವು.

ಕಳಿಸಿದ ಮೇಲ್ ಹೀಗಿತ್ತು:

> ವಿಷಯ: 40 ಸ್ಲೂಸ್ ವಾಲ್ವ್ – 26 ಜೂನ್ 10ಕ್ಕೇ, 14 ಜೂನ್ 23ಕ್ಕೆ – ತಮ್ಮ ಒಪ್ಪಿಗೆ ಬೇಕು
>
> ಮಾನ್ಯರೇ,
>
> ಬೆಳಿಗ್ಗೆ ಫೋನ್‌ನಲ್ಲಿ ತಿಳಿಸಿದಂತೆ, ತಮ್ಮ 40 ವಾಲ್ವ್‌ಗಳಲ್ಲಿ 14 ಜೂನ್ 10ಕ್ಕೆ ಮುಟ್ಟುವುದಿಲ್ಲ. ಇದು ನಮ್ಮಿಂದಾದ ತಪ್ಪು, ಕ್ಷಮಿಸಿ.
>
> ನಿನ್ನೆ 15 ಕೆಜಿ ಒತ್ತಡದ ಟೆಸ್ಟ್‌ನಲ್ಲಿ 14 ಬಾಡಿಗಳಿಂದ ನೀರು ಜಿನುಗಿತು. ಅವನ್ನು ರಿಪೇರಿ ಮಾಡಿಲ್ಲ, ಒಡೆದು ಹಾಕಿದ್ದೇವೆ. ಫೋಟೊ ಜೊತೆಗಿದೆ.
>
> ಪಾಸಾದ 26 ವಾಲ್ವ್ ಟೆಸ್ಟ್ ಸರ್ಟಿಫಿಕೇಟ್ ಸಮೇತ ಜೂನ್ 10, ಮಂಗಳವಾರ ಬೆಳಿಗ್ಗೆ ಸೈಟ್‌ಗೆ ಮುಟ್ಟುತ್ತವೆ.
>
> ಉಳಿದ 14 ವಾಲ್ವ್ ಜೂನ್ 23, ಸೋಮವಾರ ಬೆಳಿಗ್ಗೆ ಮುಟ್ಟುತ್ತವೆ. ಇವುಗಳ ಟೆಸ್ಟ್ ಫಲಿತಾಂಶವನ್ನು ಜೂನ್ 16ರ ಸಂಜೆ ಮೇಲ್ ಮಾಡುತ್ತೇವೆ.
>
> ಎರಡನೇ ಗಾಡಿಯ ಬಾಡಿಗೆ ನಮ್ಮದು. ಪಿಒ ಪ್ರಕಾರ ಎರಡು ವಾರದ ಕಡಿತ ₹980 ಅನ್ನು ಎರಡನೇ ಬಿಲ್‌ನಲ್ಲೇ ಕಳೆದಿರುತ್ತೇವೆ.
>
> ಜೂನ್ 23 ತಮಗೆ ಆಗದಿದ್ದರೆ ಈ 14ನ್ನು ರದ್ದು ಮಾಡಬಹುದು. ಅವುಗಳ ಅಡ್ವಾನ್ಸ್ ₹24,500 ಅನ್ನು ಎರಡು ದಿನದೊಳಗೆ ತಮ್ಮ ಖಾತೆಗೆ ಹಾಕುತ್ತೇವೆ.
>
> ಜೂನ್ 23ಕ್ಕೆ ಒಪ್ಪಿಗೆ ಇದ್ದರೆ ನಾಳೆ ಮಧ್ಯಾಹ್ನದೊಳಗೆ ಒಂದು ಸಾಲು ಉತ್ತರಿಸಿ. ಮೊದಲ 26 ಯಾವ ಕಡೆ ಇಳಿಸಬೇಕು ಅಂತಲೂ ತಿಳಿಸಿ.

ವಿಷಯದ ಸಾಲಲ್ಲೇ ಎರಡೂ ತಾರೀಖು ಇಟ್ಟದ್ದು ಬೇಕಂತಲೇ. ಸೈಟ್‌ನಲ್ಲಿ ಬಿಸಿಲಿನಲ್ಲಿ ನಿಂತು ಫೋನ್ ನೋಡುವವರಿಗೆ ಅಷ್ಟೇ ಕಾಣುತ್ತದೆ. "ಕ್ಷಮಾಪಣೆ" ಅಂತ ವಿಷಯ ಬರೆದಿದ್ದರೆ ಒಳಗೇನಿದೆಯೋ ಅಂತ ಎದೆ ಧಸಕ್ ಅನ್ನುತ್ತಿತ್ತು.

ಅದೇ ಸಂಜೆ "ಓಕೆ, 23" ಅಂತ ಉತ್ತರ ಬಂತು. ಜೂನ್ 9ರ ರಾತ್ರಿ ಪಿಕಪ್ ಗದಗ ದಾರಿ ಹಿಡಿಯಿತು. ಎರಡೂ ಲೋಡ್ ₹50,000ಕ್ಕಿಂತ ಜಾಸ್ತಿ, ಹಾಗಾಗಿ ಎರಡಕ್ಕೂ ಬೇರೆ ಬಿಲ್ಲು, ಬೇರೆ ಇ-ವೇ ಬಿಲ್ ಮಾಡಬೇಕಾಯಿತು.

16ಕ್ಕೆ ಟೆಸ್ಟ್ ಮಾಡಿದಾಗ 13 ಪಾಸಾದವು, ಒಂದು ಮತ್ತೆ ಬೆವರಿತು. ಅವತ್ತು ಸಂಜೆ ಆರಕ್ಕೆ ಬರೆದ ಮೇಲ್ ಮೂರೇ ಸಾಲು: "13 ಪಾಸಾಗಿವೆ, 1 ಫೇಲ್ ಆಗಿದೆ. ಅದನ್ನು ನಾಳೆ ಮತ್ತೆ ಎರಕ ಹೊಯ್ಯುತ್ತಾರೆ. ಜೂನ್ 23 ಬದಲಾಗುವುದಿಲ್ಲ." 23ರ ಬೆಳಿಗ್ಗೆ 14 ವಾಲ್ವ್ ಸೈಟ್‌ನಲ್ಲಿ ಇಳಿದವು. ಅಷ್ಟೊತ್ತಿಗೆ ಅಲ್ಲಿ ಒಂದು ದೊಡ್ಡ ಮಳೆ ಆಗಿಹೋಗಿತ್ತು, ಮೊದಲ 26 ಇದ್ದ ಕಡೆಯೆಲ್ಲ ಮಣ್ಣು ಮುಚ್ಚಿ ಗಟ್ಟಿಯಾಗಿತ್ತು.